ಸ್ಟೋರಿಯ ಪೋಲ್‌ನಲ್ಲಿ ನೀವು ಒತ್ತಿದ ಉತ್ತರ ಯಾರಿಗೆಲ್ಲ ಕಾಣುತ್ತದೆ?

ಕಳೆದ ವರ್ಷ ನನ್ನ ತಂಗಿಯ ಮಗಳು ಒಂದು ಶನಿವಾರ ಮನೆಗೆ ಬಂದಾಗ ಮುಖ ಸಪ್ಪೆ ಮಾಡಿಕೊಂಡಿದ್ದಳು. ಡಿಗ್ರಿ ಎರಡನೇ ವರ್ಷದ ಹುಡುಗಿ. ಮಾತು ಮಾತು ಬಂದು ವಿಷಯ ಹೊರಬಿತ್ತು. ಅವಳ ಕಾಲೇಜಿನ ವಿಭಾಗಕ್ಕೊಂದು ಇನ್‌ಸ್ಟಾಗ್ರಾಂ ಖಾತೆ ಇದೆ. ಅದರ ಸ್ಟೋರಿಯಲ್ಲಿ ಒಂದು ದಿನ ಪೋಲ್ ಬಂತು: "ಇಂಟರ್ನಲ್ಸ್ ವ್ಯಾಲ್ಯುಯೇಷನ್ ಸರಿಯಾಗಿ ಆಗಿದೆಯಾ?" ಹೌದು, ಇಲ್ಲ, ಎರಡು ಆಯ್ಕೆ. ಇವಳು "ಇಲ್ಲ" ಒತ್ತಿದಳು. ಮುಂದಿನ ಸ್ಟೋರಿಯಲ್ಲಿ ಒಂದು ಡಬ್ಬಿ ಇತ್ತು, "ನಿಮ್ಮ ಅನಿಸಿಕೆ ಬರೆಯಿರಿ" ಅಂತ. ಅದರಲ್ಲಿ ಮನಸ್ಸಿನಲ್ಲಿದ್ದುದನ್ನು ಎರಡು ಸಾಲು ಬರೆದಳು. ರಾತ್ರಿ ನೋಡಿದರೆ ಅವಳ ಸಾಲುಗಳು ಅದೇ ಖಾತೆಯ ಸ್ಟೋರಿಯಲ್ಲಿ ಬಂದಿದ್ದವು, ಹೆಸರಿಲ್ಲದೆ. ಸದ್ಯ, ಹೆಸರು ಹಾಕಿಲ್ಲವಲ್ಲ ಎಂದು ನಿರಾಳವಾಗಿ ಮಲಗಿದಳು.

ಸೋಮವಾರ ಕಾರಿಡಾರಿನಲ್ಲಿ ಅಧ್ಯಾಪಕರು ಅವಳನ್ನು ನಿಲ್ಲಿಸಿ, "ಏನಮ್ಮಾ, ನಿನಗೆ ಮಾರ್ಕ್ಸ್‌ನಲ್ಲಿ ಅನ್ಯಾಯ ಆಗಿದೆಯಂತಲ್ಲ?" ಎಂದು ಕೇಳಿದರು.

"ದೊಡ್ಡಮ್ಮ, ಅವರಿಗೆ ಹೇಗೆ ಗೊತ್ತಾಯಿತು? ಯಾರೋ ಫ್ರೆಂಡ್ಸೇ ಹೇಳಿರಬೇಕು," ಎಂದಳು. ಎರಡು ದಿನದಿಂದ ಒಬ್ಬ ಗೆಳತಿಯ ಜೊತೆ ಮಾತೂ ಬಿಟ್ಟಿದ್ದಳು. ಆ ಗೆಳತಿಯ ತಪ್ಪು ಏನೂ ಇರಲಿಲ್ಲ. ಹೇಳಿದ್ದು ಆ ಆ್ಯಪ್. ಅದು ಇರುವುದೇ ಹಾಗೆ.

ಇದನ್ನು ಬಾಯಲ್ಲಿ ಹೇಳಿದರೆ ನಂಬುವ ಹುಡುಗಿಯಲ್ಲ ಅವಳು. ಹಾಗಾಗಿ ಊಟ ಆದಮೇಲೆ ಇಬ್ಬರೂ ಎರಡು ಫೋನ್ ಇಟ್ಟುಕೊಂಡು ಕೂತೆವು. ನನ್ನ ಖಾತೆಯಲ್ಲಿ ಒಂದು ಸ್ಟೋರಿ ಹಾಕಿದೆ. ಅಡುಗೆಮನೆಯ ಡಬ್ಬಿಯ ಫೋಟೊ, ಮೇಲೆ ಪೋಲ್ ಸ್ಟಿಕ್ಕರ್: "ಕೋಡುಬಳೆಯೋ ನಿಪ್ಪಟ್ಟೋ?" ಅವಳು ತನ್ನ ಫೋನಿನಲ್ಲಿ ನಿಪ್ಪಟ್ಟು ಒತ್ತಿದಳು. ಒತ್ತಿದ ತಕ್ಷಣ ಅವಳ ಪರದೆಯಲ್ಲಿ ಬಣ್ಣದ ಪಟ್ಟಿ ಸರಿದು ನಿಪ್ಪಟ್ಟು 100%, ಕೋಡುಬಳೆ 0% ಎಂದು ತೋರಿಸಿತು. ಅಷ್ಟೇ. ಎಷ್ಟು ಜನ ಒತ್ತಿದ್ದಾರೆ, ಯಾರು ಒತ್ತಿದ್ದಾರೆ ಎಂಬ ಸುಳಿವೇ ಇಲ್ಲ. ಇದನ್ನೇ ನೋಡಿ ನೋಡಿ, ಪೋಲ್ ಅಂದರೆ ಬರೀ ಶೇಕಡಾ ಲೆಕ್ಕ ಎಂಬ ನಂಬಿಕೆ ಅವಳಲ್ಲಿ ಕೂತುಬಿಟ್ಟಿತ್ತು.

ಆಮೇಲೆ ನನ್ನ ಫೋನನ್ನು ಅವಳ ಕೈಗೆ ಕೊಟ್ಟು, ಅದೇ ಸ್ಟೋರಿಯನ್ನು ತೆರೆದು ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆ ಎಂದೆ. ಪರದೆ ಮೇಲೆ ಸರಿದು ಮೊದಲು ಪೋಲಿನ ಫಲಿತಾಂಶ ಬಂತು, ಅದರ ಕೆಳಗೆ ಸ್ಟೋರಿ ನೋಡಿದವರ ಪಟ್ಟಿ. ಪಟ್ಟಿಯಲ್ಲಿ ಅವಳ ಫೋಟೊ, ಅವಳ ಹೆಸರು, ಅದರ ಜೊತೆಗೇ ಅವಳು ಒತ್ತಿದ ಉತ್ತರ: ನಿಪ್ಪಟ್ಟು. ಅವಳು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತಳು. ಆಮೇಲೆ ಆ ಗೆಳತಿಗೆ ಫೋನ್ ಮಾಡಲು ಹೊರಗೆ ಹೋದಳು.

ಒಂದೇ ಪೋಲಿಗೆ ಎರಡು ಮುಖ ಇರುವುದು ಇಲ್ಲಿ. ಉತ್ತರ ಕೊಟ್ಟವರಿಗೆ ಕಾಣುವುದು ಶೇಕಡಾ, ಪ್ರಶ್ನೆ ಕೇಳಿದವರಿಗೆ ಕಾಣುವುದು ಹೆಸರು. ಇನ್‌ಸ್ಟಾಗ್ರಾಂ ಈ ಪೋಲ್ ಸ್ಟಿಕ್ಕರನ್ನು 2017ರ ಅಕ್ಟೋಬರಿನಲ್ಲಿ ತಂದ ದಿನದಿಂದಲೂ ಏರ್ಪಾಡು ಇದೇ. ಯಾವ ಸೆಟ್ಟಿಂಗ್ ಬದಲಿಸಿದರೂ ಕೇಳಿದವರಿಂದ ನಿಮ್ಮ ಹೆಸರನ್ನು ಮುಚ್ಚಿಡಲಾಗದು. ಅವರು ಬೇಡವೆಂದರೂ ಆ ಪಟ್ಟಿ ಅವರ ಕಣ್ಣಿಗೆ ಬೀಳುತ್ತದೆ.

ಓಟು ಹಾಕುವುದು ಎಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಮತಗಟ್ಟೆ. ಅಲ್ಲಿ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯಲ್ಲಿ ತಯಾರಾಗುವುದು. 1962ರ ಮಹಾಚುನಾವಣೆಯಿಂದ ಅದೇ ಶಾಯಿ ಬಳಕೆಯಲ್ಲಿದೆ. ನೀವು ಓಟು ಹಾಕಿದ್ದೀರಿ ಎಂಬುದನ್ನು ಆ ಶಾಯಿ ಊರಿಗೆಲ್ಲ ಹೇಳುತ್ತದೆ, ಯಾರಿಗೆ ಹಾಕಿದಿರಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸ್ಟೋರಿಯ ಪೋಲಿನಲ್ಲಿ ಕೇಳಿದವರಿಗೆ ಇವೆರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಪರದೆಯ ಮೇಲೆ ಅದಕ್ಕೆ ಮತದಾನದ ರೂಪ ಇರುವುದರಿಂದ, ಮತದಾನದ ಗುಟ್ಟೂ ಅಲ್ಲಿದೆ ಎಂದು ನಾವೇ ಅಂದುಕೊಳ್ಳುತ್ತೇವೆ.

ಪೋಲಿನ ಅಣ್ಣತಮ್ಮಂದಿರೂ ಇದೇ ಜಾತಿಯವರು. ಒಂದು ಎಮೋಜಿಯನ್ನು ಗೆರೆಯ ಮೇಲೆ ಹಿಂದೆಮುಂದೆ ಎಳೆಯುವ ಸ್ಲೈಡರ್ ಇದೆಯಲ್ಲ, ಅದರಲ್ಲಿ ಎಳೆದವರಿಗೆ ಎಲ್ಲರ ಸರಾಸರಿ ಕಾಣುತ್ತದೆ. ಕೇಳಿದವರಿಗೆ ಯಾರು ಎಷ್ಟು ದೂರ ಎಳೆದರು ಎಂಬುದೇ ಕಾಣುತ್ತದೆ. ಕ್ವಿಜ್ ಸ್ಟಿಕ್ಕರಿನಲ್ಲೂ ಯಾರ ಉತ್ತರ ತಪ್ಪಾಯಿತು ಎಂಬುದು ಹೆಸರು ಸಮೇತ ಗೊತ್ತಾಗುತ್ತದೆ. ಇನ್ನು ಏನನ್ನೂ ಒತ್ತದೆ ಸ್ಟೋರಿ ನೋಡಿ ಮುಂದೆ ಹೋದರೂ, ನೋಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದೇ ಇರುತ್ತದೆ.

ಪ್ರಶ್ನೆಯ ಡಬ್ಬಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಜನ ಹೆಚ್ಚು ಮೋಸಹೋಗುವುದು ಅಲ್ಲೇ. 2018ರ ಜುಲೈನಲ್ಲಿ ಬಂದ ಈ ಸ್ಟಿಕ್ಕರನ್ನು ನಮ್ಮ ಹುಡುಗರು ಕ್ವೆಶ್ಚನ್ ಬಾಕ್ಸ್ ಎನ್ನುತ್ತಾರೆ. ಡಬ್ಬಿಯನ್ನು ಮುಟ್ಟಿದರೆ ಬರೆಯಲು ಜಾಗ ತೆರೆಯುತ್ತದೆ, ಬರೆದು ಕಳಿಸಿದರೆ ಆಯಿತು. ಒಬ್ಬರೇ ಎಷ್ಟು ಸಲ ಬೇಕಾದರೂ ಬರೆಯಬಹುದು. ಕೇಳಿದವರು ತಮ್ಮ ಸ್ಟೋರಿಯನ್ನು ಮೇಲಕ್ಕೆ ಎಳೆದು ನೋಡಿದರೆ ಬಂದ ಉತ್ತರಗಳೆಲ್ಲ ಚಿಕ್ಕ ಚಿಕ್ಕ ಚೀಟಿಗಳ ಹಾಗೆ ಸಾಲಾಗಿ ಕಾಣುತ್ತವೆ. ಪ್ರತಿ ಚೀಟಿಯ ಮೇಲೂ ಬರೆದವರ ಹೆಸರು. ಬೇಕಾದ ಚೀಟಿಯನ್ನು ಆರಿಸಿ ಸ್ಟೋರಿಗೆ ಹಂಚಿದರೆ, ಆಗ ಮಾತ್ರ ಆ್ಯಪ್ ಹೆಸರನ್ನೂ ಫೋಟೊವನ್ನೂ ತೆಗೆದುಬಿಡುತ್ತದೆ. ಊರಿಗೆಲ್ಲ ಕಾಣುವುದು ಪ್ರಶ್ನೆ ಮತ್ತು ಉತ್ತರ ಮಾತ್ರ.

ಅಂದರೆ ಹೆಸರು ಮರೆಯಾಗುವುದು ನೋಡುವ ಮೂರನೆಯವರಿಂದ, ಕೇಳಿದವರಿಂದ ಅಲ್ಲ. ನಮ್ಮ ಹುಡುಗಿ ಹೆಸರಿಲ್ಲದ ಸಾಲನ್ನು ನೋಡಿದಾಗ ಅವಳು ನಿಂತಿದ್ದು ಆ ಮೂರನೆಯವರ ಜಾಗದಲ್ಲಿ. ಎಲ್ಲರಿಗೂ ಹೀಗೇ ಕಾಣುತ್ತಿದೆ ಎಂದು ತಿಳಿದಳು. ಕೇಳಿದವರ ಪರದೆ ಹೇಗಿರುತ್ತದೆ ಎಂದು ಅವಳು ನೋಡಿಯೇ ಇರಲಿಲ್ಲ. ತಾವೇ ಒಂದು ಸಲವೂ ಸ್ಟೋರಿಯಲ್ಲಿ ಪ್ರಶ್ನೆ ಕೇಳದವರು ಆ ಪರದೆಯನ್ನು ನೋಡುವ ಸಂದರ್ಭವೇ ಬರುವುದಿಲ್ಲ. ಗೃಹಿಣಿಯರು, ಹಿರಿಯರು, ಬರೀ ನೋಡಲೆಂದೇ ಖಾತೆ ಇಟ್ಟುಕೊಂಡವರು ಇದರಲ್ಲಿ ಸುಲಭವಾಗಿ ಎಡವುತ್ತಾರೆ. ಡಾಕ್ಟರೊಬ್ಬರು "ನಿಮ್ಮ ಸಮಸ್ಯೆ ಕೇಳಿ" ಎಂದು ಡಬ್ಬಿ ಹಾಕುತ್ತಾರೆ. ಮುಟ್ಟಿನ ತೊಂದರೆ, ಮೂಲವ್ಯಾಧಿ, ಗಂಡನ ಕುಡಿತ, ಎಲ್ಲವನ್ನೂ ಅದರಲ್ಲಿ ಬರೆಯುವವರಿದ್ದಾರೆ. ಸ್ಟೋರಿಯಲ್ಲಿ ಉತ್ತರ ಬಂದಾಗ ಹೆಸರಿಲ್ಲ, ನಿಜ. ಆದರೆ ಆ ಖಾತೆಯ ಒಳಗೆ ಚೀಟಿ ಹೆಸರು ಸಮೇತ ಕೂತಿರುತ್ತದೆ.

ಹೆಸರು ತೆಗೆದರೂ ಗುರುತು ಹೋಗದ ಸಂದರ್ಭವೂ ಇದೆ. ನಮ್ಮ ಹುಡುಗಿ ಬರೆದ ಸಾಲಿನಲ್ಲಿ "ನನಗೆ ಸೆಕೆಂಡ್ ಇಂಟರ್ನಲ್ಸ್ ದಿನ ಜ್ವರ ಇತ್ತು" ಎಂಬ ಮಾತಿತ್ತು. ಆ ದಿನ ತರಗತಿಯಲ್ಲಿ ಜ್ವರ ಬಂದವರು ಎಷ್ಟು ಜನ? ಅಧ್ಯಾಪಕರು ಪಟ್ಟಿ ನೋಡದಿದ್ದರೂ, ಆ ಸ್ಟೋರಿ ನೋಡಿದ ಯಾವ ಸಹಪಾಠಿಗಾದರೂ ಅದು ಯಾರೆಂದು ತಿಳಿಯುತ್ತಿತ್ತು. ಊರಿನ ಹೆಸರು, ಆಡುಮಾತಿನ ಒಂದು ಪದ, ಸದಾ ಹಾಕುವ ಒಂದು ಎಮೋಜಿ, ಇವೇ ಸಾಕು.

ಇನ್ನೊಂದು ಪ್ರಶ್ನೆಯನ್ನು ಅವಳೇ ಕೇಳಿದಳು. "ಆ ಅಕೌಂಟ್ ನಡೆಸೋದು ನಮ್ಮ ಸೀನಿಯರ್ಸ್. ಸರ್‌ಗೆ ಹೇಗೆ ಹೋಯಿತು?" ಉತ್ತರ ಸರಳ. ಪಾಸ್‌ವರ್ಡ್ ಇಬ್ಬರು ಸೀನಿಯರುಗಳ ಹತ್ತಿರವೂ ಇತ್ತು, ಅಧ್ಯಾಪಕರ ಹತ್ತಿರವೂ ಇತ್ತು. ಕೇಳಿದವರಿಗೆ ಕಾಣುತ್ತದೆ ಎನ್ನುವಾಗ ಈ 'ಕೇಳಿದವರು' ಯಾವಾಗಲೂ ಒಬ್ಬರೇ ಆಗಿರಬೇಕಿಲ್ಲ. ಸಂಘದ ಖಾತೆ, ಅಂಗಡಿಯ ಖಾತೆ, ಸಿನಿಮಾದವರ ಖಾತೆ, ಇವನ್ನು ನಡೆಸುವುದು ಒಂದು ತಂಡ, ಕೆಲವೊಮ್ಮೆ ಹೊರಗಿನ ಏಜೆನ್ಸಿಯ ಹುಡುಗರು. ಲಾಗಿನ್ ಇರುವ ಪ್ರತಿಯೊಬ್ಬರಿಗೂ ಅದೇ ಪಟ್ಟಿ ಕಾಣುತ್ತದೆ. ಯಾರೋ ಒಬ್ಬರು ಅದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ನಿಮಗೆ ಸೂಚನೆಯೂ ಬರುವುದಿಲ್ಲ. ಇವರೆಲ್ಲರ ಹಿಂದೆ ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿ ಇದೆ. ನೀವು ಏನು ನೋಡಿದಿರಿ, ಏನನ್ನು ಒತ್ತಿದಿರಿ ಎಂಬುದನ್ನು ತಾನು ದಾಖಲಿಸಿಕೊಳ್ಳುತ್ತೇನೆ, ಜಾಹೀರಾತು ತೋರಿಸಲು ಬಳಸುತ್ತೇನೆ ಎಂದು ಅದರ ನೀತಿಪತ್ರದಲ್ಲೇ ಬರೆದಿದೆ.

ಇನ್ನು ಉತ್ತರ ಕೊಟ್ಟವರ ನಡುವೆ ಒಬ್ಬರ ಮತ ಇನ್ನೊಬ್ಬರಿಗೆ ಕಾಣುತ್ತದೆಯೇ? ಆ್ಯಪ್ ತೋರಿಸುವುದಿಲ್ಲ. ಆದರೆ ಜನ ಕಡಿಮೆ ಇದ್ದಾಗ ಲೆಕ್ಕವೇ ಹೇಳಿಬಿಡುತ್ತದೆ. ಹತ್ತಿರದವರಿಗೆ ಮಾತ್ರ ಸ್ಟೋರಿ ಹಾಕುವ Close Friends ಪಟ್ಟಿಯಲ್ಲಿ ನಮ್ಮ ಹುಡುಗಿ ಆರು ಜನರನ್ನು ಇಟ್ಟುಕೊಂಡಿದ್ದಾಳೆ. ಅವರಿಗೆ ಅವಳು ಹಾಕಿದ್ದ ಪೋಲ್: "ಭಾನುವಾರ ಚಿತ್ರದುರ್ಗ ಕೋಟೆಗೆ ಹೋಗೋಣವಾ?" ಕೊನೆಗೆ ಬಂದ ಫಲಿತಾಂಶ ಹೌದು 83%, ಬೇಡ 17%. ಪರದೆಯಲ್ಲಿ ಒಟ್ಟು ಎಷ್ಟು ಮತ ಎಂದು ಬರೆದಿರಲಿಲ್ಲ, ಆದರೂ ಆರು ಜನರ ಗುಂಪಿನಲ್ಲಿ 83 ಮತ್ತು 17 ಬರಬೇಕಾದರೆ ಐದು ಹೌದು, ಒಂದು ಬೇಡ ಎಂದೇ ಆಗಬೇಕು. ಬೇರೆ ದಾರಿ ಇಲ್ಲ. ಹೌದು ಎಂದ ಐವರು ಕ್ಯಾಂಟೀನಿನಲ್ಲಿ ಕೂತು ತಾವೇನು ಒತ್ತಿದೆವು ಎಂದು ಹೇಳಿಕೊಂಡರೆ ಆರನೆಯವಳ ಉತ್ತರ ಅವಳ ಬಾಯಿಂದ ಬರಬೇಕಾಗಿಲ್ಲ. 67 ಮತ್ತು 33 ಬಂದರೆ ಮೂರರಲ್ಲಿ ಎರಡು ಅಥವಾ ಆರರಲ್ಲಿ ನಾಲ್ಕು. ಮೊದಲು ಒತ್ತಿದವರಿಗೆ ತಮ್ಮದೊಂದೇ 100% ಕಾಣುತ್ತದೆ. ಅವರು ಗಂಟೆಗೊಮ್ಮೆ ಅದೇ ಸ್ಟೋರಿಗೆ ಹಿಂದಿರುಗಿ ನೋಡುತ್ತಿದ್ದರೆ ಶೇಕಡಾ ಬದಲಾದ ಹಾಗೆಲ್ಲ ಯಾರೋ ಒತ್ತಿದರು ಎಂದು ಗೊತ್ತಾಗುತ್ತಲೇ ಇರುತ್ತದೆ. ಸಾವಿರ ಜನ ಒತ್ತುವ ಖಾತೆಯಲ್ಲಿ ಇದು ಆಗದ ಮಾತು. ಮನೆಮಂದಿ, ಗೆಳೆಯರ ಸಣ್ಣ ಗುಂಪಿನಲ್ಲಿ ಆಗುತ್ತದೆ. ನೋಯುವ ಮಾತುಗಳೂ ಅಲ್ಲೇ ಇರುತ್ತವೆ.

ರಿಯಾಕ್ಷನ್‌ಗಳಿಗೆ ಬರೋಣ. ಸ್ಟೋರಿಯ ಕೆಳಗೆ ಒಂದು ಹೃದಯದ ಗುರುತಿದೆ. ಅದನ್ನು ಒತ್ತಿದರೆ ಲೈಕ್. 2022ರಲ್ಲಿ ಬಂದ ಈ ಲೈಕ್ ಸಂದೇಶವಾಗಿ ಹೋಗುವುದಿಲ್ಲ. ನೋಡಿದವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಜೊತೆ ಒಂದು ಪುಟ್ಟ ಹೃದಯವಾಗಿ ಕೂರುತ್ತದೆ. ಸ್ಟೋರಿ ಹಾಕಿದವರ ಹೊರತು ಬೇರೆಯವರಿಗೆ ಕಾಣದು, ಒಟ್ಟು ಎಷ್ಟು ಲೈಕ್ ಎಂಬ ಸಂಖ್ಯೆಯೂ ಹೊರಗೆ ತೋರುವುದಿಲ್ಲ. ಅದರ ಪಕ್ಕದಲ್ಲಿ ಉತ್ತರ ಬರೆಯುವ ಜಾಗವನ್ನು ಮುಟ್ಟಿದರೆ ನಗು, ಅಳು, ಚಪ್ಪಾಳೆ, ಬೆಂಕಿ ಎಂದು ಎಂಟು ಎಮೋಜಿ ಬರುತ್ತವೆ. ಇವುಗಳ ದಾರಿ ಬೇರೆ. ಒಂದನ್ನು ಒತ್ತಿದರೆ ಅದು ನೇರ ಅವರ ಇನ್‌ಬಾಕ್ಸಿಗೆ, ಆ ಸ್ಟೋರಿಯ ಚಿತ್ರದ ಸಮೇತ, ಒಂದು ಸಂದೇಶವಾಗಿ ಹೋಗುತ್ತದೆ. ನಿಮ್ಮ ಪರಿಚಯವೇ ಇಲ್ಲದವರ ಸ್ಟೋರಿಯಾದರೆ ಮೆಸೇಜ್ ರಿಕ್ವೆಸ್ಟ್ ಆಗಿ ಹೋಗಿ ಕೂರುತ್ತದೆ. ಸಾವಿನ ಸುದ್ದಿ ಹಾಕಿದವರ ಸ್ಟೋರಿಗೆ ಕೈತಪ್ಪಿ ನಗುವಿನ ಎಮೋಜಿ ಒತ್ತಿದವರ ಪಾಡು ನನಗೆ ಗೊತ್ತು. ಇನ್‌ಬಾಕ್ಸಿಗೆ ಹೋಗಿ ಆ ಸಂದೇಶವನ್ನು ಹಿಂದೆ ತೆಗೆದುಕೊಳ್ಳಬಹುದು. ಆದರೆ ಅಷ್ಟರಲ್ಲಿ ಅವರ ಫೋನಿನ ಮೇಲೆ ನೋಟಿಫಿಕೇಷನ್ ಮಿಂಚಿ ಹೋಗಿರುತ್ತದೆ.

ಇತ್ತೀಚೆಗೆ ಸ್ಟೋರಿಗೆ ಕಾಮೆಂಟ್ ಹಾಕುವ ಸೌಲಭ್ಯವೂ ಬಂದಿದೆ. ಅದನ್ನು ಖಾಸಗಿ ಉತ್ತರ ಎಂದುಕೊಳ್ಳಬೇಡಿ. ಕಾಮೆಂಟ್ ಸ್ಟೋರಿ ನೋಡುವ ಇತರರಿಗೂ ಕಾಣುತ್ತದೆ. ಬರೆಯುವ ಜಾಗ ಎರಡೂ ಒತ್ತೊತ್ತಾಗಿ ಇರುವುದರಿಂದ ಯಾವುದನ್ನು ಮುಟ್ಟಿದ್ದೀರಿ ಎಂದು ಒಮ್ಮೆ ನೋಡಿಕೊಂಡೇ ಬರೆಯುವುದು ಒಳ್ಳೆಯದು.

ನಮ್ಮಲ್ಲಿ ಇನ್‌ಸ್ಟಾಗ್ರಾಂಗಿಂತ ಹೆಚ್ಚು ಮನೆಗಳಲ್ಲಿ ನಡೆಯುವುದು ವಾಟ್ಸ್‌ಆ್ಯಪ್. ಅಲ್ಲಿನ ಸ್ಟೇಟಸ್ಸಿಗೆ ಕೊಡುವ ಎಮೋಜಿ ಹಾಕಿದವರಿಗೆ ಮಾತ್ರ ಹೋಗುತ್ತದೆ. ಒಂದು ವ್ಯತ್ಯಾಸ ಇದೆ. ರೀಡ್ ರಿಸೀಟ್ ಬಂದ್ ಮಾಡಿಕೊಂಡವರು ಸ್ಟೇಟಸ್ ನೋಡಿದರೂ ನೋಡಿದವರ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಆದರೆ ಒಂದು ಎಮೋಜಿ ಒತ್ತಿದರೆ ಮರೆ ಅಲ್ಲಿಗೆ ಮುಗಿಯಿತು, ಹೆಸರಿನೊಂದಿಗೇ ಹೋಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಪೋಲಂತೂ ಇನ್‌ಸ್ಟಾಗ್ರಾಂಗಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಯಾರು ಏನು ಒತ್ತಿದರು ಎಂಬುದು ಕೇಳಿದವರಿಗಷ್ಟೇ ಅಲ್ಲ, ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಪೋಲಿನ ಕೆಳಗಿನ View votes ಮುಟ್ಟಿದರೆ ಸಾಕು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ "ಈಗಿನ ಸೆಕ್ರೆಟರಿಯೇ ಮುಂದುವರಿಯಲಿ ಎನ್ನುವವರು ಯಾರು?" ಎಂದು ಪೋಲ್ ಹಾಕಿದರೆ ಅದು ಸಭೆಯಲ್ಲಿ ಕೈಯೆತ್ತಿದ ಹಾಗೆ, ಚೀಟಿ ಬರೆದು ಪೆಟ್ಟಿಗೆಗೆ ಹಾಕಿದ ಹಾಗಲ್ಲ.

ಎಲ್ಲ ಕಡೆಯೂ ಹೀಗೇ ಎಂದಲ್ಲ. ಯೂಟ್ಯೂಬ್ ಚಾನೆಲ್ಲಿನವರು ಹಾಕುವ ಪೋಲಿನಲ್ಲಿ ಚಾನೆಲ್ಲಿನವರಿಗೂ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಎಕ್ಸ್‌ನಲ್ಲೂ ಅದೇ. ಟೆಲಿಗ್ರಾಂನಲ್ಲಿ ಪೋಲ್ ಮಾಡುವವರೇ ಹೆಸರು ಕಾಣಬೇಕೋ ಬೇಡವೋ ಎಂದು ಮೊದಲೇ ಆರಿಸುತ್ತಾರೆ, ಹೆಸರು ಕಾಣದ ಪೋಲ್ ಆಗಿದ್ದರೆ ಅದರ ಮೇಲೆ Anonymous Poll ಎಂದೇ ಬರೆದಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಕೇಳಿದವರಿಗೆ ಹೆಸರು ಕಾಣುತ್ತದೆ. ನಿಮ್ಮ ಮೇಲಧಿಕಾರಿ ಹಾಕಿದ ಪೋಲ್ ಆದರೆ ಇದನ್ನು ನೆನಪಿಡಬೇಕು. ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ ಥರ: ಪ್ರಶ್ನೆ, ನಾಲ್ಕು ಪಟ್ಟಿ, ಶೇಕಡಾ. ಒಂದು ಕಡೆ ಕಲಿತ ಅಭ್ಯಾಸವನ್ನು ಇನ್ನೊಂದು ಕಡೆಗೂ ಹೊತ್ತುಕೊಂಡು ಹೋಗುವುದರಿಂದಲೇ ಅರ್ಧ ಎಡವಟ್ಟು ಆಗುತ್ತದೆ.

ಹೆಸರೇ ಇಲ್ಲದೆ ಮಾತಾಡಬೇಕು ಎಂಬ ಆಸೆ ಹುಡುಗರಲ್ಲಿ ಎಷ್ಟಿದೆ ಎಂದರೆ ಅದಕ್ಕೆಂದೇ ಬೇರೆ ಆ್ಯಪ್‌ಗಳು ಹುಟ್ಟಿಕೊಂಡವು. ಸೌದಿ ಅರೇಬಿಯಾದ ಒಬ್ಬ ತಂತ್ರಜ್ಞ ಮಾಡಿದ ಸರಾಹಾ 2017ರಲ್ಲಿ ನಮ್ಮ ದೇಶದಲ್ಲೂ ಕಾಳ್ಗಿಚ್ಚಿನಂತೆ ಹಬ್ಬಿತ್ತು. ಆ್ಯಪ್ ಹಾಕಿಕೊಂಡವರ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಅದು ತನ್ನ ಸರ್ವರಿಗೆ ಕಳಿಸುತ್ತಿದೆ ಎಂಬುದನ್ನು ಒಬ್ಬ ಭದ್ರತಾ ತಜ್ಞ ಅದೇ ವರ್ಷ ಪತ್ತೆ ಮಾಡಿದರು. 2018ರ ಆರಂಭದಲ್ಲಿ ಆಪಲ್ ಮತ್ತು ಗೂಗಲ್ ಎರಡೂ ಅದನ್ನು ತಮ್ಮ ಸ್ಟೋರುಗಳಿಂದ ತೆಗೆದವು. ಆಮೇಲೆ ಬಂದದ್ದು ಎನ್‌ಜಿಎಲ್. ಅದರ ಲಿಂಕನ್ನು ಇನ್‌ಸ್ಟಾಗ್ರಾಂ ಸ್ಟೋರಿಗೆ ಹಾಕಿ "ನನ್ನ ಬಗ್ಗೆ ಏನು ಬೇಕಾದರೂ ಬರೆಯಿರಿ, ನೀವು ಯಾರೆಂದು ಗೊತ್ತಾಗುವುದಿಲ್ಲ" ಎನ್ನುವುದು. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ 2024ರ ಜುಲೈನಲ್ಲಿ ಈ ಕಂಪನಿಯ ಮೇಲೆ ಹೊರಿಸಿದ ಆರೋಪಗಳನ್ನು ಓದಿದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ. ಆಯೋಗದ ಪ್ರಕಾರ ಅನೇಕ ಸಂದೇಶಗಳನ್ನು ಬರೆದವರು ಗೆಳೆಯರಲ್ಲ, ಕಂಪನಿಯೇ ಸ್ನೇಹಿತರು ಬರೆದ ಹಾಗೆ ಕಳಿಸುತ್ತಿತ್ತು. ಬರೆದವರು ಯಾರೆಂದು ತಿಳಿಯಬೇಕಾದರೆ ವಾರಕ್ಕೆ 9.99 ಡಾಲರ್‌ವರೆಗೂ ಕಟ್ಟಿ ಎನ್ನುತ್ತಿತ್ತು. ದುಡ್ಡು ಕಟ್ಟಿದವರಿಗೆ ಸಿಗುತ್ತಿದ್ದುದು ಹೆಸರಲ್ಲ, ಒಂದೆರಡು ಸುಳಿವು. ಕಂಪನಿ 50 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು, 18 ವರ್ಷದೊಳಗಿನವರಿಗೆ ಈ ಸೇವೆ ಕೊಡುವುದಿಲ್ಲ ಎಂದು ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಇನ್‌ಸ್ಟಾಗ್ರಾಂನ ಡಬ್ಬಿಗಿಂತ ಈ ಲಿಂಕುಗಳು ಹೆಚ್ಚು ಅಪಾಯದವು. ಅಲ್ಲಿ ಕೇಳಿದವರು ಯಾರೆಂದಾದರೂ ಗೊತ್ತಿರುತ್ತದೆ. ಇಲ್ಲಿ ನಡುವೆ ಒಬ್ಬ ವ್ಯಾಪಾರಿ ಕೂತಿರುತ್ತಾನೆ, ಗುಟ್ಟೇ ಅವನ ಸರಕು.

ಆಗಲೇ ಒತ್ತಿ ಆಗಿದ್ದರೆ ಏನು ಮಾಡುವುದು ಎಂದು ನೀವು ಕೇಳಬಹುದು. ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ, ನಿಜ. ಆದರೆ ಹಾಕಿದವರಿಗೆ ನೋಡಿದವರ ಪಟ್ಟಿ 48 ಗಂಟೆಯವರೆಗೆ ಸಿಗುತ್ತದೆ, ಸ್ಟೋರಿಯೂ ಅವರ ಆರ್ಕೈವಿನಲ್ಲಿ ಉಳಿಯುತ್ತದೆ. ನೀವು ಕೊಟ್ಟ ಉತ್ತರಗಳನ್ನು ನಿಮ್ಮ ಖಾತೆಯಲ್ಲೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ Your activity ಎಂಬಲ್ಲಿಗೆ ಹೋಗಿ, ಅಲ್ಲಿ ಲೈಕ್, ಕಾಮೆಂಟುಗಳ ಜೊತೆಗೇ ಇರುವ ಸ್ಟೋರಿ ಉತ್ತರಗಳ ವಿಭಾಗವನ್ನು ತೆರೆದರೆ ಎಲ್ಲೆಲ್ಲಿ ಪೋಲ್ ಒತ್ತಿದ್ದೀರಿ, ಯಾವ ಡಬ್ಬಿಗೆ ಬರೆದಿದ್ದೀರಿ ಎಂಬುದು ಸಿಗುತ್ತದೆ. ಅಲ್ಲಿಂದಲೇ ಆರಿಸಿ ಅಳಿಸಬಹುದು. ನಮ್ಮ ಹುಡುಗಿ ಅದನ್ನು ತೆರೆದು ತುಂಬ ಹೊತ್ತು ಕೆಳಗೆ ಕೆಳಗೆ ಎಳೆಯುತ್ತಲೇ ಇದ್ದಳು. ಅಷ್ಟೊಂದು ಒತ್ತಿದ್ದೇನೆಂದು ಅವಳಿಗೇ ನೆನಪಿರಲಿಲ್ಲ. ಅಳಿಸಿದರೆ ಕೇಳಿದವರು ಆಗಲೇ ನೋಡಿದ್ದನ್ನು, ಸ್ಕ್ರೀನ್‌ಶಾಟ್ ತೆಗೆದಿದ್ದನ್ನು ಅಳಿಸಿದಂತಾಗುವುದಿಲ್ಲ.

ಕೊನೆಗೆ, ಖಾತೆ ನಡೆಸುವವರಿಗೆ ಒಂದು ಮಾತು. ಹಬ್ಬಕ್ಕೆ ಯಾವ ತಿಂಡಿ, ಯಾವ ಬಣ್ಣದ ಟೀ ಶರ್ಟ್ ಎಂದು ಕೇಳಲು ಸ್ಟೋರಿಯ ಪೋಲ್ ಚೆನ್ನಾಗಿದೆ. ಯಾರು ಏನು ಕೇಳಿದರು ಎಂದು ತಿಳಿದರೆ ಅಂಗಡಿಯವರಿಗೆ ಅನುಕೂಲವೇ. ಆದರೆ ಪಾಠ ಹೇಗಿದೆ, ಹಾಸ್ಟೆಲ್ ಊಟ ಹೇಗಿದೆ, ಆಫೀಸಿನಲ್ಲಿ ಯಾರಿಂದ ತೊಂದರೆ ಎಂದು ಕೇಳುವಾಗ ಅದನ್ನು ಬಳಸಬೇಡಿ. ಅದಕ್ಕೆ ಗೂಗಲ್ ಫಾರ್ಮ್ ಇದೆ. ಫಾರ್ಮ್ ಮಾಡುವಾಗ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಬಂದ್ ಮಾಡಿ, ಹೆಸರು, ರೋಲ್ ನಂಬರ್ ಕೇಳಬೇಡಿ. ಉತ್ತರಿಸುವವರೂ ಒಂದು ವಿಷಯ ನೋಡಿಕೊಳ್ಳಬಹುದು: ಫಾರ್ಮಿನ ತಲೆಯಲ್ಲಿ ನಿಮ್ಮ ಇಮೇಲ್ ವಿಳಾಸ ಕಂಡು, ಅದರ ಬಳಿ Not shared ಎಂದಿದ್ದರೆ ಆ ವಿಳಾಸ ಕೇಳಿದವರಿಗೆ ಹೋಗುವುದಿಲ್ಲ. ಒಬ್ಬರಿಗೆ ಒಂದೇ ಉತ್ತರ ಎಂಬ ನಿಯಮ ಹಾಕಿದ್ದರೆ ಲಾಗಿನ್ ಆಗಬೇಕಾಗುತ್ತದೆ, ಆದರೆ ಅಷ್ಟರಿಂದಲೇ ವಿಳಾಸ ಅವರ ಕೈಗೆ ಸಿಗುವುದಿಲ್ಲ. ಹನ್ನೆರಡು ಜನರ ತರಗತಿಯಲ್ಲಿ ಬರವಣಿಗೆಯ ಶೈಲಿಯಿಂದಲೇ ಗುರುತು ಸಿಗಬಹುದು, ಅದಕ್ಕೆ ಯಾವ ಫಾರ್ಮಿನಲ್ಲೂ ಮದ್ದಿಲ್ಲ.

ಈ ವರ್ಷ ಆ ಖಾತೆಯನ್ನು ನಡೆಸುವ ಇಬ್ಬರಲ್ಲಿ ನಮ್ಮ ಹುಡುಗಿಯೂ ಒಬ್ಬಳು. ಮೊನ್ನೆ ಅವಳು ಹಾಕಿದ ಪೋಲ್ ನೋಡಿದೆ. ಪ್ರಶ್ನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ನಿಮ್ಮ ಹೆಸರು ಮತ್ತು ಉತ್ತರ ಈ ಖಾತೆ ನಡೆಸುವ ನಮ್ಮಿಬ್ಬರಿಗೂ, ವಿಭಾಗದ ಒಬ್ಬ ಅಧ್ಯಾಪಕರಿಗೂ ಕಾಣುತ್ತದೆ." ಪೋಲ್ ಹಾಕುವ ಎಲ್ಲರೂ ಇಂಥ ಒಂದು ಸಾಲು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.